ಕೊರಗಪ್ಪನ ಕೈ ರೂಢಿಯಲ್ಲಿ ಬರೆದ ಹೆಸರು

ಮಸ್ಕತ್ತಿನ ವಾದಿ ಅದಾಯ್‌ನಲ್ಲಿ ಎ.ಸಿ. ಬಿಡಿಭಾಗ ಮಾರುವ ಅಂಗಡಿಗಳ ಸಾಲಿಗೆ ಹೋಗಿ ಕೊರಗಪ್ಪ ಎಂದು ಕೇಳಿದರೆ ಯಾರಿಗೂ ಗೊತ್ತಾಗದು. ಬ್ಯಾಂಕ್ ಕೊರಗಪ್ಪ ಎನ್ನಬೇಕು. ಆಗ ಮಲಬಾರಿ ಚಹಾದಂಗಡಿಯವನೂ ಕೈಲಿದ್ದ ಲೋಟ ಇಟ್ಟು ದಾರಿ ತೋರಿಸುತ್ತಾನೆ.

ಆತನಿಗೆ ಬ್ಯಾಂಕಿನಲ್ಲಿ ಕೆಲಸವಿಲ್ಲ. ಒಂದು ಬಿಡಿಭಾಗದ ಕಂಪನಿಯಲ್ಲಿ ಇಪ್ಪತ್ತೊಂಬತ್ತು ವರ್ಷಗಳಿಂದ ಬ್ಯಾಂಕಿನ ಓಡಾಟ ಅವನದು. ಬಂದ ವರ್ಷ ಚಹಾ ಕೊಡುವ ಕೆಲಸಕ್ಕಿದ್ದ. ಒಂದು ದಿನ ಬ್ಯಾಂಕಿಗೆ ಹೋಗುವವನಿಗೆ ಜ್ವರ ಬಂತು, ಚೀಟಿ ಇವನ ಕೈಗೆ ಬಂತು. ಆಮೇಲೆ ಆ ಕೈಯಿಂದ ಚೀಟಿ ಇಳಿಯಲಿಲ್ಲ. ಮೂಡಬಿದಿರೆ ಕಡೆಯ ಕನ್ನಡ ಶಾಲೆಯಲ್ಲಿ ಏಳನೇ ಕ್ಲಾಸು ಮುಗಿಸಿದ್ದ ಕೊರಗಪ್ಪ ಇಂಗ್ಲಿಷ್ ಕಲಿತದ್ದು ಬ್ಯಾಂಕಿನ ಫಾರಂಗಳಿಂದ. ಹಾಗಾಗಿ ಇವತ್ತಿಗೂ ಅವನ ಇಂಗ್ಲಿಷ್ ಎಲ್ಲ ದೊಡ್ಡಕ್ಷರದಲ್ಲೇ ಇರುತ್ತದೆ, ಒಂದೊಂದು ಅಕ್ಷರಕ್ಕೆ ಒಂದೊಂದು ಚೌಕ ಬಿಟ್ಟಂತೆ. ಅಕ್ಷರ ಮಾತ್ರ ಮುತ್ತು ಪೋಣಿಸಿದ ಹಾಗೆ.

ಪಕ್ಕದ ರೂವಿ ಪೇಟೆಯ ಕೋಣೆಯಲ್ಲಿ ಅವನೊಡನೆ ಇರುವವರು, ಅವರ ಗೆಳೆಯರು, ಗೆಳೆಯರ ಗೆಳೆಯರು ಎಲ್ಲರೂ ಹಣದ ಕಾಗದವೆಂದರೆ ಅವನ ಹತ್ತಿರವೇ ಬರುತ್ತಿದ್ದರು. ಅವನು ಕಾಸು ಕೇಳುತ್ತಿರಲಿಲ್ಲ. ಕೇಳುತ್ತಿದ್ದದ್ದು ಒಂದೇ, ತಾನು ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳಬೇಕು ಎಂದು.

ಆ ವರ್ಷ ಅವನ ಮನೆಯದೇ ಕಾಗದ ಬಂತು. ಮಗಳು ಯಶ್ಮಿತಾಳಿಗೆ ಮಂಗಳೂರಿನ ಒಂದು ಕಾಲೇಜಿನಲ್ಲಿ ನರ್ಸಿಂಗ್ ಸೀಟು ಸಿಕ್ಕಿತ್ತು. ತಾಯಿ ಲೋಲಾಕ್ಷಿಯ ಜೊತೆ ಊರಿನಲ್ಲೇ ಬೆಳೆದ ಹುಡುಗಿ. ಲೋಲಾಕ್ಷಿ ಬೀಡಿ ಕಟ್ಟುತ್ತಾ, ಗಂಡ ಕಳಿಸಿದ್ದನ್ನು ಕೂಡಿಸುತ್ತಾ ಅವಳನ್ನು ಇಲ್ಲಿಗೆ ತಂದು ನಿಲ್ಲಿಸಿದ್ದಳು. ಕಾಲೇಜಿನವರ ಪತ್ರದಲ್ಲಿ ಸ್ಪಷ್ಟವಾಗಿ ಬರೆದಿತ್ತು: ಮೊದಲ ವರ್ಷದ ಶುಲ್ಕ ಒಂದು ಲಕ್ಷ ನಲವತ್ತು ಸಾವಿರವನ್ನು ಪ್ರಾಂಶುಪಾಲರ ಹೆಸರಿಗೆ ಮಂಗಳೂರಿನಲ್ಲಿ ಪಾವತಿಯಾಗುವ ಡಿ.ಡಿ. ಅಥವಾ ಪೇ ಆರ್ಡರ್ ಮೂಲಕವೇ ಕೊಡಬೇಕು, ಚೆಕ್ಕು ಸ್ವೀಕರಿಸುವುದಿಲ್ಲ, ಗುರುವಾರ ಸಂಜೆ ನಾಲ್ಕರ ಒಳಗೆ ಮೂಲ ಅಂಕಪಟ್ಟಿಯೊಂದಿಗೆ ತಲುಪದಿದ್ದರೆ ಸೀಟು ಕಾಯುತ್ತಿರುವವರಿಗೆ ಹೋಗುತ್ತದೆ.

ಪತ್ರದ ಫೋಟೋ ಮೊಬೈಲಿಗೆ ಬಂದ ದಿನ ಕೊರಗಪ್ಪ ಅದನ್ನು ಕಂಪನಿಯ ಲೆಕ್ಕ ನೋಡುವ ಎಡ್ಮಂಡ್ ಡಿಸೋಜನಿಗೆ ತೋರಿಸಿದ. ಎಡ್ಮಂಡ್ ಉಡುಪಿ ಕಡೆಯ ಶಿರ್ವದವನು. ಊರಿನಲ್ಲಿ ತುಳುವರು ಕ್ರಿಸ್ತರನ್ನು ಕರೆಯುವ ಹಾಗೆ ಕೊರಗಪ್ಪ ಅವನನ್ನು ಪೊರ್ಬುಗಳೇ ಎಂದೇ ಕರೆಯುತ್ತಿದ್ದ.

"ನನ್ನ ಮಾತು ಕೇಳಿದ್ರೆ ಕೊರಗಪ್ಪಣ್ಣ, ಹಣ ಲೋಲಾಕ್ಷಕ್ಕನ ಖಾತೆಗೆ ಹಾಕಿ. ಅವ್ರು ಅಲ್ಲೇ ಪೇ ಆರ್ಡರ್ ಮಾಡಿಸ್ಲಿ. ಇಲ್ಲಿಂದ ಡ್ರಾಫ್ಟು ತೆಗೆದು ಯಾರದ್ದೋ ಕೈಯಲ್ಲಿ ಕಳಿಸೋದೆಲ್ಲ ಈಗ ಯಾರು ಮಾಡ್ತಾರೆ?"

"ಅವಳಿಗೆ ಬ್ಯಾಂಕಿನದ್ದು ಎಂತ ಗೊತ್ತುಂಟು ಪೊರ್ಬುಗಳೇ? ಸಹಿ ಹಾಕ್ಲಿಕ್ಕೆ ಗೊತ್ತುಂಟು, ಅಷ್ಟೆ."

"ಚೆಕ್ಕು ಬೇಡ, ಬೇರೆ ಎರಡೂ ಆಗ್ತದೆ ಅಂತಾರೆ. ಅದೇನು ಅಷ್ಟು ವ್ಯತ್ಯಾಸ ಮಾರಾಯ್ರೆ? ಮೂರೂ ಬ್ಯಾಂಕಿನ ಕಾಗದವೇ ಅಲ್ವಾ?" ಎಡ್ಮಂಡ್‌ಗೆ ವ್ಯತ್ಯಾಸ ಗೊತ್ತಿತ್ತು. ಕೊರಗಪ್ಪನ ಬಾಯಿಂದ ಕೇಳುವುದು ಅವನಿಗೊಂದು ಮೋಜು.

ಕೊರಗಪ್ಪ ಕುರ್ಚಿ ಎಳೆದುಕೊಂಡ. "ನೋಡಿ, ಚೆಕ್ಕು ಅಂದ್ರೆ ನಿಶ್ಚಿತಾರ್ಥ. ಗಂಡಿನ ಕಡೆಯವ್ರು ಮಾತು ಕೊಟ್ಟಿದ್ದಾರೆ, ಆದ್ರೆ ಮುಹೂರ್ತದ ದಿನ ಖಾತೆಯಲ್ಲಿ ದುಡ್ಡು ಉಂಟೋ ಇಲ್ವೋ ದೇವರಿಗೇ ಗೊತ್ತು. ಡಿ.ಡಿ. ಅಂದ್ರೆ ಧಾರೆ ಎರೆದು ಆಯ್ತು. ದುಡ್ಡು ಮೊದಲೇ ಬ್ಯಾಂಕಿನ ಕೈಗೆ ಹೋಗಿದೆ, ಮಾತು ಕೊಡೋದು ನಾನಲ್ಲ, ಬ್ಯಾಂಕು. ಹುಡುಗಿ ಪರವೂರಿಗೆ ಹೋಗ್ಬಹುದು."

"ಪೇ ಆರ್ಡರು?"

"ಅದೂ ಧಾರೆ ಎರೆದದ್ದೇ. ಆದ್ರೆ ಊರೊಳಗಿನ ಸಂಬಂಧ. ಮಂಗಳೂರಿನ ಬ್ಯಾಂಕು ಬರ್ದು ಮಂಗಳೂರಿನವರಿಗೇ ಕೊಡುವಂಥದ್ದು. ದಿಬ್ಬಣದ ಬಸ್ಸು ಬೇಡ. ಇಲ್ಲಿಂದ ಕಳಿಸುವ ನನ್ನಂಥವನಿಗೆ ಡಿ.ಡಿ.ಯೇ ಸರಿ."

"ಮೂರಕ್ಕೂ ಮೂರು ತಿಂಗಳೇ ಆಯುಷ್ಯ ಅಂತೀರಿ ನೀವು. ನಿಮ್ಮ ಮದುವೆ ಲೆಕ್ಕದಲ್ಲಿ ಅದು ಹೇಗೆ ಕೂರ್ತದೆ?"

"ಅದಕ್ಕೇ ನಾನು ಕಾಗದ ಕೈಗೆ ಬಂದ ಕೂಡ್ಲೆ ಬ್ಯಾಂಕಿಗೆ ಹಾಕು ಅಂತ ಹೇಳೋದು," ಎಂದು ಕೊರಗಪ್ಪ ಎದ್ದ.

ಅಂದೇ ಸಂಜೆ ಅವನು ರೂವಿಯ ಹಣ ವಿನಿಮಯದ ಅಂಗಡಿಗೆ ಹೋದ. ಕೌಂಟರಿನಲ್ಲಿ ಜೊವಿಟಾ ಇದ್ದಳು, ಮಂಗಳೂರಿನ ಕುಲಶೇಖರದ ಹುಡುಗಿ. ಊರಿನಲ್ಲಿ ಕ್ರಿಸ್ತರ ಹೆಂಗಸರನ್ನು ಕರೆಯುವ ಹಾಗೆ ಕೊರಗಪ್ಪ ಅವಳನ್ನು ಬಾಯಮ್ಮ ಎನ್ನುತ್ತಿದ್ದ. ಈಗೆಲ್ಲ ದುಡ್ಡು ನೇರ ಖಾತೆಗೇ ಹೋಗುವ ಕಾಲ. ಡ್ರಾಫ್ಟು ಕೇಳಿದವನನ್ನು ಅವಳು ನೋಡಿ ಎಷ್ಟೋ ದಿನವಾಗಿತ್ತು. ಡ್ರಾಯರಿನ ತಳದಿಂದ ಫಾರಂ ಹುಡುಕಿ ಕೊಟ್ಟಳು.

ಕೊರಗಪ್ಪನ ಪೆನ್ನು ಓಡಿತು. ಚೌಕದಲ್ಲಿ ಅಕ್ಷರ, ಅಕ್ಷರದ ಪಕ್ಕ ಅಕ್ಷರ.

"ಅಂಕಲ್, ಹೆಸರೊಮ್ಮೆ ನೋಡಿ ಹೇಳ್ತೀರಾ? ಪ್ರಿಂಟ್ ಆದ ಮೇಲೆ ತಿದ್ದಲಿಕ್ಕಾಗೋದಿಲ್ಲ."

"ನೀನು ಹುಟ್ಟುವ ಮೊದಲೇ ನಾನು ಇದೇ ಕೌಂಟರಿನಲ್ಲಿ ಡ್ರಾಫ್ಟು ತೆಗೆದವ, ಬಾಯಮ್ಮ. ನನಗೆ ಹೆಸರು ಓದಿಸ್ತೀಯಾ?"

ಜೊವಿಟಾ ನಕ್ಕು ಪ್ರಿಂಟ್ ಕೊಟ್ಟಳು. ಅವನು ಮೊತ್ತ ನೋಡಿದ, ತಾರೀಕು ನೋಡಿದ, ಮಂಗಳೂರಿನಲ್ಲಿ ಪಾವತಿ ಎಂದಿರುವುದನ್ನು ನೋಡಿದ. ಲಕೋಟೆಯೊಳಗಿಟ್ಟು ಅಂಟು ಹಚ್ಚಿದ. ಮಂಗಳವಾರದ ವಿಮಾನಕ್ಕೆ ಹೊರಟಿದ್ದ ಕೋಣೆಯ ಜಾಯ್ಸನ್‌ಗೆ ಕೊಟ್ಟ. ಜಾಯ್ಸನ್ ಬುಧವಾರ ಸಂಜೆ ಲಕೋಟೆಯನ್ನು ಲೋಲಾಕ್ಷಿಯ ಕೈಗಿಟ್ಟ. ಲಕೋಟೆ ಕಾಲೇಜಿನ ಕೌಂಟರಿನಲ್ಲೇ ತೆರೆಯಲಿ ಎಂದು ಕೊರಗಪ್ಪ ಹೇಳಿ ಕಳಿಸಿದ್ದ. ಮಳೆಯ ದಿನ, ಕಾಗದ ಒದ್ದೆಯಾಗಬಾರದಲ್ಲ.

ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಅವನು ರೂವಿಯ ಬ್ಯಾಂಕಿನಲ್ಲಿ ಕೂತಿದ್ದ. ಕಂಪನಿ ಹೊಸ ಗೋದಾಮು ಹಿಡಿಯುತ್ತಿತ್ತು. ಮುಂಗಡ ಠೇವಣಿಗೆ ಕಂಪನಿಯ ಚೆಕ್ಕು ಬೇಡ, ಬ್ಯಾಂಕೇ ಬರೆದ ಚೆಕ್ಕು ಬೇಕು ಎಂದು ಕಟ್ಟಡದ ಮಾಲೀಕ ಹಟ ಹಿಡಿದಿದ್ದ. ಊರಿನಲ್ಲಿ ಪೇ ಆರ್ಡರ್ ಎನ್ನುವುದನ್ನು ಇಲ್ಲಿ ಮ್ಯಾನೇಜರ್ಸ್ ಚೆಕ್ ಎನ್ನುತ್ತಾರೆ. ಅದು ತಯಾರಾಗುವುದನ್ನೇ ಕಾಯುತ್ತಿದ್ದಾಗ ಮೊಬೈಲು ಅಲುಗಿತು. ಯಶ್ಮಿತಾ.

"ಪಪ್ಪ, ಡಿ.ಡಿ.ಯಲ್ಲಿ ಅಮ್ಮನ ಹೆಸರುಂಟು."

"ಎಂತ?"

"ಪ್ರಿನ್ಸಿಪಾಲ್ ಅಂತ ಇಲ್ಲ. ಲೋಲಾಕ್ಷಿ ಕೆ. ಅಂತ ಉಂಟು. ಆಫೀಸಿನವರು ತಗೊಳ್ಳೋದಿಲ್ಲ ಅಂತ ವಾಪಸ್ ಕೊಟ್ರು."

ಕೊರಗಪ್ಪನ ಕಿವಿಯೊಳಗೆ ಎ.ಸಿ.ಯ ಸದ್ದು ಮಾತ್ರ ಉಳಿಯಿತು. ಕಣ್ಣಮುಂದೆ ಆ ಫಾರಂ ಬಂತು. ಇಪ್ಪತ್ತೊಂಬತ್ತು ವರ್ಷ ತನ್ನ ದುಡ್ಡು ಕಳಿಸುವಾಗ ಆ ಚೌಕಗಳಲ್ಲಿ ಅವನು ತುಂಬಿದ್ದು ಒಂದೇ ಹೆಸರು, ಹೆಂಡತಿಯದು. ಗಾಣಕ್ಕೆ ಕಟ್ಟಿದ ಕೋಣ ಕಣ್ಣು ಮುಚ್ಚಿಕೊಂಡೂ ಸುತ್ತುವ ಹಾಗೆ ಕೈ ತನ್ನ ಪಾಡಿಗೆ ಅದೇ ಸುತ್ತು ಹೊಡೆದಿತ್ತು.

"ಹಿಂದುಗಡೆ ಅಮ್ಮನ ಸಹಿ ಹಾಕಿಸಿ ಕಾಲೇಜಿಗೆ ಕೊಡು. ಮೊದಲೆಲ್ಲ ಹಾಗೇ ಮಾಡ್ತಿದ್ರು," ಎಂದ.

"ಕೇಳಿದೆ ಪಪ್ಪ. ಮೇಲುಗಡೆ ಎರಡು ಗೆರೆ ಹಾಕಿ ಅಕೌಂಟ್ ಪೇಯೀ ಅಂತ ಬರ್ದಿದೆ. ಅಮ್ಮನ ಖಾತೆಗೆ ಬಿಟ್ಟು ಇನ್ನು ಯಾರ ಖಾತೆಗೂ ಹೋಗೋದಿಲ್ಲ ಅಂದ್ರು." ಹುಡುಗಿ ಮುಂದುವರಿಸಿದಳು, "ಇಲ್ಲಿ ಈಗ ಹನ್ನೊಂದೂವರೆ. ನಾಲ್ಕು ಗಂಟೆಗೆ ಬಾಗಿಲು ಹಾಕ್ತಾರಂತೆ. ನಾಲ್ಕು ಮಂದಿ ವೇಯ್ಟಿಂಗಿನವರು ಇಲ್ಲೇ ಬೆಂಚಿನಲ್ಲಿ ಕೂತಿದ್ದಾರೆ."

ಅಳುತ್ತಿರಲಿಲ್ಲ ಅವಳು. ಅತ್ತಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

ಅವನು ಎಡ್ಮಂಡ್‌ಗೆ ಫೋನು ಮಾಡಿದ. ಆದದ್ದನ್ನೆಲ್ಲ ಹೇಳಿದ.

"ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ," ಎಂದು ಶುರು ಮಾಡಿದ ಎಡ್ಮಂಡ್ ಅಲ್ಲಿಗೇ ನಿಲ್ಲಿಸಿದ. "ಬಿಡಿ. ಅಲ್ಬೀನಾ ಊರಲ್ಲೇ ಇದ್ದಾಳೆ, ನನ್ನ ಖಾತೆಯ ಚೆಕ್ ಪುಸ್ತಕ ಅವಳ ಹತ್ತಿರವೇ ಉಂಟು. ಈಗಲೇ ಒಂದು ಚೆಕ್ಕು ಬರ್ದು ಕಾಲೇಜಿಗೆ ಕೊಟ್ಟು ಬರ್ಲಿ. ನನ್ನ ಖಾತೆಯಲ್ಲಿ ದುಡ್ಡುಂಟು."

"ದುಡ್ಡುಂಟು ಅಂತ ನಿಮಗೆ ಗೊತ್ತು, ನನಗೆ ಗೊತ್ತು. ಕಾಲೇಜಿಗೆ ಹೇಗೆ ಗೊತ್ತಾಗ್ಬೇಕು ಪೊರ್ಬುಗಳೇ? ಚೆಕ್ಕು ತಗೊಳ್ಳೋದಿಲ್ಲ ಅಂತ ಬರ್ದೇ ಕೊಟ್ಟಿದ್ದಾರೆ."

"ಹಾಗಾದ್ರೆ ನನ್ನ ತಮ್ಮನಿಗೆ ಹೇಳ್ತೇನೆ. ನೋಟು ತಗೊಂಡು ಬ್ಯಾಂಕಿಗೆ ಹೋಗಿ ಡಿ.ಡಿ. ಮಾಡಿಸ್ಲಿ."

"ಐವತ್ತು ಸಾವಿರಕ್ಕೆ ಮುಟ್ಟಿದ್ರೆ ನೋಟಿಗೆ ಡಿ.ಡಿ. ಮಾಡೋದಿಲ್ಲ ಅಲ್ಲಿ. ಖಾತೆಯಿಂದಲೇ ಹೋಗ್ಬೇಕು."

ಖಾತೆಯಿಂದಲೇ ಹೋಗಬೇಕು. ಆ ಮಾತು ತನ್ನ ಬಾಯಿಂದಲೇ ಬಿದ್ದಾಗ ಕೊರಗಪ್ಪನಿಗೆ ಲೋಲಾಕ್ಷಿಯ ಖಾತೆ ನೆನಪಾಯಿತು. ಕತ್ತಲೆಯಲ್ಲಿ ಕಾಲಿಗೆ ಮೆಟ್ಟಿಲು ಸಿಕ್ಕಿದ ಹಾಗಾಯಿತು.

"ಪೊರ್ಬುಗಳೇ, ಫೋನಿಡಿ," ಎಂದ.

ಇಪ್ಪತ್ತು ವರ್ಷದ ಹಿಂದಿನ ಮಾತು. ಆಗ ಅವನು ಕಳಿಸಿದ ಡ್ರಾಫ್ಟನ್ನು ಲೋಲಾಕ್ಷಿ ಮನೆ ಹತ್ತಿರದ ಬೇರೊಂದು ಬ್ಯಾಂಕಿನ ಖಾತೆಗೆ ಹಾಕುತ್ತಿದ್ದಳು. ಕಾಗದ ಆ ಬ್ಯಾಂಕಿನಿಂದ ಈ ಬ್ಯಾಂಕಿಗೆ ಹೋಗಿ, ಕ್ಲಿಯರಿಂಗ್ ಮುಗಿದು ದುಡ್ಡು ಕೈಗೆ ಸಿಗುವಾಗ ಹದಿನೈದು ದಿನ. ಒಮ್ಮೆ ಮಗ ಶೈಲೇಶನ ಹೊಟ್ಟೆಯ ಆಪರೇಷನ್ನಿಗೆ ಕಳಿಸಿದ ದುಡ್ಡು ಹಾಗೇ ಸಿಕ್ಕಿಬಿದ್ದು, ಲೋಲಾಕ್ಷಿ ಕರಿಮಣಿ ಅಡವಿಟ್ಟಿದ್ದಳು. ಆ ವರ್ಷದ ರಜೆಗೆ ಹೋದಾಗ ಕೊರಗಪ್ಪ ಎರಡು ಬಸ್ಸು ಬದಲಿಸಿ ಹೋಗಿ, ಇಲ್ಲಿಯ ವಿನಿಮಯದ ಅಂಗಡಿ ಯಾವ ಬ್ಯಾಂಕಿನ ಮೇಲೆ ಡ್ರಾಫ್ಟು ಬರೆಯುತ್ತದೋ ಅದೇ ಬ್ಯಾಂಕಿನ ಮಂಗಳೂರು ಶಾಖೆಯಲ್ಲಿ ಅವಳಿಗೆ ಖಾತೆ ತೆರೆಸಿದ್ದ. ಡ್ರಾಫ್ಟು ಯಾವ ಬ್ಯಾಂಕಿನದೋ ಖಾತೆಯೂ ಅದೇ ಬ್ಯಾಂಕಿನದಿರಲಿ ಎಂಬುದು ಯಾರೂ ಹೇಳಿಕೊಡದೆ ಅವನು ಕಂಡುಕೊಂಡ ಸೂತ್ರ.

ಮಗಳಿಗೆ ಫೋನು ಹಚ್ಚಿದ.

"ಮಗಾ, ಡ್ರಾಫ್ಟಿನ ಮೇಲೆ ಬ್ಯಾಂಕಿನ ಹೆಸರು ಓದು."

ಅವಳು ಓದಿದಳು.

"ಅಮ್ಮನ ಪಾಸ್‌ಬುಕ್ಕು?"

"ಅದೇ ಬ್ಯಾಂಕು ಪಪ್ಪ."

"ಹಾಗಾದ್ರೆ ರಿಕ್ಷಾ ಹಿಡಿದು ಇಬ್ರೂ ಅಲ್ಲಿಗೇ ಹೋಗಿ. ಡ್ರಾಫ್ಟನ್ನು ಅಮ್ಮನ ಖಾತೆಗೆ ಹಾಕಿ. ಅವರದೇ ಕಾಗದ, ಅವರದೇ ಖಾತೆ. ಕ್ಲಿಯರಿಂಗಿಗೆ ಹೋಗ್ಬೇಕಾಗಿಲ್ಲ, ಅಲ್ಲೇ ಜಮೆ ಮಾಡ್ತಾರೆ. ಜಮೆ ಆದ ಕೂಡ್ಲೆ ಅದೇ ದುಡ್ಡಿಗೆ ಪ್ರಿನ್ಸಿಪಾಲರ ಹೆಸರಿಗೆ ಪೇ ಆರ್ಡರ್ ಕೇಳಿ."

"ಡಿ.ಡಿ. ಅಲ್ವಾ?"

"ಕಾಲೇಜೂ ಮಂಗಳೂರು, ಬ್ಯಾಂಕೂ ಮಂಗಳೂರು. ಪೇ ಆರ್ಡರ್ ಸಾಕು. ಪತ್ರದಲ್ಲಿ ಎರಡೂ ಆಗ್ತದೆ ಅಂತ ಉಂಟಲ್ಲ. ಯಲ್ಲಾ, ಬೇಗ ಹೊರಡಿ."

ಅಷ್ಟರಲ್ಲಿ ಬ್ಯಾಂಕಿನ ಹುಡುಗಿ ಕಂಪನಿಯ ಮ್ಯಾನೇಜರ್ಸ್ ಚೆಕ್ ಕೊಟ್ಟಳು. ಅವನು ಅದನ್ನು ಚೀಲಕ್ಕೆ ಸೇರಿಸಿ ಹೊರಗೆ ಬಂದ. ಹೊರಗೆ ಬಿಸಿಲು ಬಾಣಲೆಯಲ್ಲಿ ಹುರಿದ ಹಾಗೆ. ನೆರಳಿನಲ್ಲಿ ನಿಂತು ಮೊಬೈಲನ್ನು ಅಂಗೈಯಲ್ಲೇ ಹಿಡಿದುಕೊಂಡ.

ಹನ್ನೊಂದು ದಾಟಿ ಹತ್ತು ನಿಮಿಷಕ್ಕೆ ಅದು ಅಲುಗಿತು. ಈ ಸಲ ಲೋಲಾಕ್ಷಿ.

"ಇವ್ರೇ, ಇಲ್ಲಿ ಮೇಡಂ ಹೇಳ್ತಾರೆ, ಲಕ್ಷಕ್ಕೆ ಮೇಲಿನ ಡ್ರಾಫ್ಟು, ಹೊರದೇಶದ್ದು, ಬರೆದವರಿಂದ ಒಂದು ದೃಢೀಕರಣ ಬಂದ್ರೆ ಜಮೆ ಮಾಡ್ತಾರಂತೆ. ಒಂದು ಇ-ಮೇಲು ಸಾಕಂತೆ. ಯಾರಿಗೆ ಹೇಳೋದು?"

"ನನಗೇ. ಆ ಮೇಡಂನ ಇ-ಮೇಲು ವಿಳಾಸ ಯಶ್ಮಿತಾ ಕಳಿಸ್ಲಿ."

ವಿನಿಮಯದ ಅಂಗಡಿ ಅಲ್ಲಿಂದ ಎರಡು ಬೀದಿ. ಐವತ್ತೆಂಟರ ಕೊರಗಪ್ಪ ಆ ಎರಡು ಬೀದಿಯನ್ನು ನಡೆದನೆಂದರೆ ಸುಳ್ಳು, ಓಡಿದನೆಂದರೂ ಸುಳ್ಳು. ಒಳಗೆ ಹೋದಾಗ ಸಂಬಳದ ವಾರದ ಸಾಲು ಬಾಗಿಲವರೆಗೆ ಇತ್ತು. ಸಾಲು ಮುರಿದು ಮುಂದೆ ಹೋಗುವುದನ್ನು ಅವನು ಜನ್ಮದಲ್ಲಿ ಮಾಡಿದವನಲ್ಲ. ಬೇರೆಯವರು ಮಾಡಿದರೆ ಗದರಿಸುವವನು. ಸಾಲಿನ ತಲೆಯಲ್ಲಿದ್ದ ಪಠಾಣನ ಮುಂದೆ ಕೈಮುಗಿದು, "ಭಾಯಿ, ಬೇಟಿ ಕಾ ಕಾಲೇಜ್ ಹೈ, ದೋ ಮಿನಿಟ್," ಎಂದ. ಪಠಾಣ ಅವನ ಬೆವರು ನೋಡಿ ಒಂದು ಹೆಜ್ಜೆ ಹಿಂದೆ ಸರಿದ.

"ಜೊವಿಟಾ," ಎಂದು ರಸೀದಿಯನ್ನು ಗಾಜಿನ ಕೆಳಗೆ ತೂರಿಸಿದ ಕೊರಗಪ್ಪ. "ನೀನು ಆವತ್ತು ಹೆಸರು ನೋಡಿ ಅಂದೆ. ನಾನು ನೋಡಲಿಲ್ಲ. ತಪ್ಪು ನನ್ನದೇ, ಬಾಯಮ್ಮ."

ಜೊವಿಟಾ ರಸೀದಿ ಓದಿ ವಿಷಯ ಕೇಳಿದಳು. ಅವಳು ನಗಲಿಲ್ಲ.

"ಡ್ರಾಫ್ಟು ರದ್ದು ಮಾಡಿಸೋದಾ ಅಂಕಲ್? ಅದಕ್ಕೆ ಮೂಲ ಕಾಗದ ಇಲ್ಲಿಗೆ ವಾಪಸ್ ಬರ್ಬೇಕು."

"ರದ್ದು ಬೇಡ. ಹೆಸರಿನವಳು ಹೆಂಡ್ತಿಯೇ, ಅವಳ ಖಾತೆಗೇ ಹೋಗ್ತದೆ. ಈ ನಂಬರಿನ ಡ್ರಾಫ್ಟು ನಮ್ಮದೇ, ದುಡ್ಡು ಬಂದಿದೆ ಅಂತ ಈ ವಿಳಾಸಕ್ಕೆ ಒಂದು ಕಾಗದ ಹೋಗ್ಬೇಕು. ಅಷ್ಟೆ."

ಅವಳು ಒಳಗೆ ಹೋಗಿ ಮ್ಯಾನೇಜರನೊಂದಿಗೆ ಮಾತಾಡಿ ಬಂದಳು. ಕೀಬೋರ್ಡು ಕುಟ್ಟಿದಳು. ಕಳಿಸುವ ಮೊದಲು ಪರದೆಯನ್ನು ಅವನ ಕಡೆ ತಿರುಗಿಸಿದಳು.

"ಓದಿ ಅಂಕಲ್."

ಕೊರಗಪ್ಪ ಕನ್ನಡಕ ಹಾಕಿಕೊಂಡು, ಬೆರಳಿಟ್ಟು, ಡ್ರಾಫ್ಟಿನ ನಂಬರು, ಮೊತ್ತ, ತಾರೀಕು, ಹೆಸರು ಎಲ್ಲ ಓದಿದ. ಹಿಂದಿದ್ದ ಪಠಾಣನೂ ಅವನ ಭುಜದ ಮೇಲಿಂದ ಇಣುಕಿದ.

"ಸರಿಯುಂಟು," ಎಂದ ಕೊರಗಪ್ಪ. ಜೊವಿಟಾ ಒತ್ತಿದಳು.

ಆಮೇಲಿನದು ಕಾಯುವ ಕೆಲಸ. ಎಡ್ಮಂಡ್ ಎರಡು ಸಲ ಫೋನು ಮಾಡಿದ, ಎರಡೂ ಸಲ ಕೊರಗಪ್ಪ, "ಲೈನು ಬಿಡಿ ಮಾರಾಯ್ರೆ," ಎಂದು ಇಟ್ಟುಬಿಟ್ಟ. ಹನ್ನೆರಡಕ್ಕೆ ಮಗಳ ಸಂದೇಶ ಬಂತು: ಜಮೆ ಆಯಿತು. ಅದರ ಬೆನ್ನಿಗೆ ಲೋಲಾಕ್ಷಿಯ ಫೋನು.

"ಪೇ ಆರ್ಡರಿಗೆ ಕಮಿಷನ್ ಐನೂರ ಚಿಲ್ಲರೆ ಆಗ್ತದಂತೆ. ಡ್ರಾಫ್ಟಿನ ದುಡ್ಡು ಶುಲ್ಕಕ್ಕೆ ಸರಿ ಆಯ್ತಲ್ಲ."

ಅದನ್ನು ಕೊರಗಪ್ಪ ಲೆಕ್ಕ ಹಾಕಿರಲಿಲ್ಲ.

"ಗಾಬರಿ ಮಾಡ್ಬೇಡಿ," ಎಂದಳು ಲೋಲಾಕ್ಷಿ. "ಖಾತೆಯಲ್ಲಿ ನನ್ನ ಬೀಡಿ ದುಡ್ಡು ಉಂಟು. ಅದ್ರಿಂದ ತೆಗೀಲಿಕ್ಕೆ ಹೇಳಿ ಆಯ್ತು. ಫಾರಂ ಕೂಡ ತುಂಬಿಸಿ ಆಯ್ತು."

"ಯಾರು ತುಂಬಿಸಿದ್ದು?"

"ನಾನೇ. ಕನ್ನಡದಲ್ಲಿ ಬರೀಬಹುದು ಅಂದ್ರು. ಹೆಸರು ಮಾತ್ರ ಯಶ್ಮಿತಾ ಇಂಗ್ಲಿಷಲ್ಲಿ ಬರ್ದಳು."

"ಹೆಸರು ಓದು."

ಲೋಲಾಕ್ಷಿ ಫೋನನ್ನು ಮಗಳಿಗೆ ಕೊಟ್ಟಳು. ಮಗಳು ಕಾಲೇಜಿನ ಪತ್ರ ಒಂದು ಕೈಯಲ್ಲಿ, ಫಾರಂ ಒಂದು ಕೈಯಲ್ಲಿ ಹಿಡಿದು ಓದಿದಳು. ಕೊರಗಪ್ಪ ಮೊಬೈಲಿನ ಫೋಟೋದೊಡನೆ ತಾಳೆ ಹಾಕಿದ. ಪ್ರಾಂಶುಪಾಲರ ಹುದ್ದೆ, ಕಾಲೇಜಿನ ಪೂರ್ತಿ ಹೆಸರು, ಎಲ್ಲಿಯೂ ಒಂದಕ್ಷರ ಆಚೀಚೆ ಇರಲಿಲ್ಲ.

ಅಲ್ಲಿಯ ಮೂರೂಕಾಲು ಗಂಟೆಗೆ, ಇಲ್ಲಿ ಇನ್ನೂ ಎರಡು ಗಂಟೆ ಆಗಿರದಾಗ, ರಸೀದಿಯ ಫೋಟೋ ಬಂತು. ಕೆಳಗೆ ಕಾಲೇಜಿನ ಮೊಹರು, ಮೇಲೆ ಯಶ್ಮಿತಾ ಕೆ. ಎಂಬ ಹೆಸರು. ಕೊರಗಪ್ಪ ಅದನ್ನು ಎರಡು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ನೋಡಿದ. ಆಮೇಲೆ ರೂವಿಯ ಬಸ್‌ಸ್ಟ್ಯಾಂಡಿನ ಬೆಂಚಿನಲ್ಲಿ ಕೂತು ಮೊಸರು ಪಾನೀಯದ ಒಂದು ಪೊಟ್ಟಣ ಒಂದೇ ಗುಟುಕಿಗೆ ಕುಡಿದ. ಬೆಳಿಗ್ಗೆಯಿಂದ ಬಾಯಿಗೆ ನೀರು ಹಾಕಿರಲಿಲ್ಲ.

ಲೋಲಾಕ್ಷಿಯ ಫೋನು ಬಂದಾಗ ಹಿಂದುಗಡೆ ಮಳೆಯ ಸದ್ದು, ಯಾರೋ ಕಬ್ಬಿನ ಹಾಲು ಬೇಕಾ ಎಂದು ಕೇಳುವ ಸದ್ದು.

"ಊಟ ಆಯ್ತಾ ನಿಮ್ದು?"

"ಇಲ್ಲ. ನಿಮ್ದು?"

"ಇಲ್ಲ. ಈಗ ಹೋಟ್ಲಿಗೆ ಹೊರಟದ್ದು." ಆಮೇಲೆ ಅವಳೇ ಅಂದಳು, "ಬೈದುಕೊಳ್ಳಬೇಡಿ ನಿಮ್ಮನ್ನು. ಇಷ್ಟು ವರ್ಷ ಬೇರೆ ಹೆಸರು ಬರೀಲೇ ಇಲ್ಲ ನೀವು. ಕೈಗೆ ಹೇಗೆ ಗೊತ್ತಾಗ್ಬೇಕು?"

ಕೊರಗಪ್ಪ ಖಾಲಿ ಪೊಟ್ಟಣವನ್ನು ಮಡಚಿ ಬೆಂಚಿನ ಪಕ್ಕದ ತೊಟ್ಟಿಗೆ ಹಾಕಿದ.

"ಬರುವ ವರ್ಷದ ಶುಲ್ಕಕ್ಕೆ," ಎಂದಳು ಲೋಲಾಕ್ಷಿ, "ನೀವು ದುಡ್ಡು ಖಾತೆಗೆ ಹಾಕಿ. ಕಾಗದ ನಾನು ಮಾಡಿಸ್ತೇನೆ. ಆ ಮೇಡಂ ನನ್ನ ಗುರ್ತ ಹಿಡಿದಿದ್ದಾರೆ ಈಗ."

"ಪೊರ್ಬುಗಳೂ ಮೊದಲೇ ಹಾಗೆ ಹೇಳಿದ್ರು," ಎಂದ ಕೊರಗಪ್ಪ.

"ಆಗ ಕೇಳಲಿಲ್ಲ ನೀವು. ಈಗ ನಾನು ಬ್ಯಾಂಕು ಕಲಿತೂ ಆಯ್ತಲ್ಲ."

ಫೋನಿಟ್ಟ ಮೇಲೆ ಅವನಿಗೆ ಚೀಲದಲ್ಲಿದ್ದ ಕಂಪನಿಯ ಕೆಲಸ ನೆನಪಾಯಿತು. ಗೋದಾಮಿನ ಮಾಲೀಕ ಮೂರು ಗಂಟೆಗೆ ವಾದಿ ಅದಾಯ್‌ನ ಕಚೇರಿಗೆ ಬರುವವನಿದ್ದ. ಕೊರಗಪ್ಪ ಮ್ಯಾನೇಜರ್ಸ್ ಚೆಕ್ಕನ್ನು ಹೊರತೆಗೆದ. ಬೆಳಿಗ್ಗೆ ಅದನ್ನು ನೋಡದೆ ಹಾಗೇ ಒಳಗೆ ತುರುಕಿದ್ದ. ಕನ್ನಡಕ ಒರೆಸಿ ಹಾಕಿಕೊಂಡು, ಒಪ್ಪಂದದ ಕಾಗದ ತೊಡೆಯ ಮೇಲೆ ಬಿಡಿಸಿ, ಮಾಲೀಕನ ಉದ್ದನೆಯ ಹೆಸರನ್ನು ಒಂದೊಂದೇ ಅಕ್ಷರ ಬಾಯಿಬಿಟ್ಟು ಓದತೊಡಗಿದ. ಎದುರಿಗೆ ಬಸ್ಸು ಬಂದು ನಿಂತಿತು, ಬಾಗಿಲು ತೆರೆಯಿತು. ಹೆಸರು ಇನ್ನೂ ಅರ್ಧ ಉಳಿದಿತ್ತು. ಕೊರಗಪ್ಪ ಓದುತ್ತಲೇ ಇದ್ದ. ಆ ಬಸ್ಸು ಹೋದರೆ ಇನ್ನೊಂದು ಬರುತ್ತದೆ.